ರ‍್ಯಾಕ್ ಫೋಕಸ್, ಡಾಲಿ ಜೂಮ್, ವಿಪ್ ಪ್ಯಾನ್: ಒಂದೇ ದೃಶ್ಯವನ್ನು ಮೂರು ಬಗೆಯಲ್ಲಿ ತೆಗೆಯುವುದು

ಒಂದು ಚಿಕ್ಕ ದೃಶ್ಯ ಇಟ್ಟುಕೊಳ್ಳೋಣ. ನಡುಮನೆಯಲ್ಲಿ ಕೂತ ತಾಯಿ ಬಟ್ಟೆ ನೆನೆಹಾಕುವ ಮುಂಚೆ ಮಗನ ಅಂಗಿಯ ಜೇಬು ತಡಕುತ್ತಾಳೆ. ಗಿರವಿ ಅಂಗಡಿಯ ಚೀಟಿ ಸಿಗುತ್ತದೆ. ಅಡವಿಟ್ಟಿರುವುದು ಅವಳದೇ ಎರಡೆಳೆ ಸರ. ಅಷ್ಟರಲ್ಲಿ ಮಗ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾನೆ. ಮಾತಿಲ್ಲ. ಎರಡು ಮುಖ, ಒಂದು ಚೀಟಿ, ಅಷ್ಟೇ.

ಇದನ್ನು ರ‍್ಯಾಕ್ ಫೋಕಸ್‌ನಲ್ಲಿ ತೆಗೆಯಬಹುದು, ಡಾಲಿ ಜೂಮ್‌ನಲ್ಲಿ ತೆಗೆಯಬಹುದು, ವಿಪ್ ಪ್ಯಾನ್‌ನಲ್ಲೂ ತೆಗೆಯಬಹುದು. ಮೂರೂ ಬೇರೆ ಬೇರೆ ಕಥೆ ಹೇಳುತ್ತವೆ. ಯಾವುದು ಏಕೆ ಹಾಗೆ ಅನ್ನಿಸುತ್ತದೆ ಎಂದು ತಿಳಿಯಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಶಾಟ್ ನಡೆಯುವಾಗ ಏನು ಬದಲಾಗುತ್ತದೆ, ಏನು ಅಲುಗಾಡದೆ ಉಳಿಯುತ್ತದೆ? ರ‍್ಯಾಕ್ ಫೋಕಸ್‌ನಲ್ಲಿ ಜಾಗ ಹಾಗೇ ಇರುತ್ತದೆ, ನಮ್ಮ ಗಮನ ಮಾತ್ರ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಡಾಲಿ ಜೂಮ್‌ನಲ್ಲಿ ವ್ಯಕ್ತಿ ಹಾಗೇ ಇರುತ್ತಾನೆ, ಸುತ್ತಲಿನ ಜಾಗ ಬದಲಾಗುತ್ತದೆ. ವಿಪ್ ಪ್ಯಾನ್‌ನಲ್ಲಿ ವ್ಯಕ್ತಿಯೂ ಬದಲು, ಜಾಗವೂ ಬದಲು. ನಡುವೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆ.

ಕೆಳಗಿನ ಅಳತೆಗಳೆಲ್ಲ ಫುಲ್ ಫ್ರೇಮ್ ಕ್ಯಾಮೆರಾಗೆ, ಸೆಕೆಂಡಿಗೆ 25 ಫ್ರೇಮ್‌ಗೆ. ಸೆನ್ಸರ್ ಚಿಕ್ಕದಾದರೆ ಲೆನ್ಸ್‌ನ ಅಂಕಿ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ರ‍್ಯಾಕ್ ಫೋಕಸ್

ನಮ್ಮ ಸೆಟ್‌ಗಳಲ್ಲಿ ಇದನ್ನು ಫೋಕಸ್ ಶಿಫ್ಟ್ ಅಂತಲೂ ಕರೆಯುತ್ತಾರೆ. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲುಗದೆ ನಿಲ್ಲಲಿ. ತಾಯಿ ಫ್ರೇಮಿನ ಎಡಕ್ಕೆ, ಕ್ಯಾಮೆರಾದಿಂದ 1.2 ಮೀಟರ್. ಬಾಗಿಲು ಬಲಕ್ಕೆ, 4 ಮೀಟರ್ ದೂರದಲ್ಲಿ. ಲೆನ್ಸ್ 50 ಎಂಎಂ, ಅಪರ್ಚರ್ f/2. ಈ ಲೆಕ್ಕದಲ್ಲಿ ತಾಯಿಯ ಸುತ್ತ ಸ್ಪಷ್ಟವಾಗಿ ಕಾಣುವ ಆಳ ಸುಮಾರು 7 ಸೆಂಟಿಮೀಟರ್ ಮಾತ್ರ. ಅವಳ ಮೇಲೆ ಫೋಕಸ್ ಇರುವಾಗ ಬಾಗಿಲಲ್ಲಿ ನಿಂತವನು ಒಂದು ಮಸುಕು ಆಕಾರವಾಗಿ ಉಳಿಯುತ್ತಾನೆ. ಅದೇ f/8 ಇಟ್ಟರೆ ಆಳ ಸುಮಾರು 27 ಸೆಂಟಿಮೀಟರ್ ಆಗುತ್ತದೆ. ಹಿಂದಿನವನ ಮುಖ ಅರ್ಧಂಬರ್ಧ ಕಾಣತೊಡಗುತ್ತದೆ, ಫೋಕಸ್ ಬದಲಾದದ್ದು ಯಾರಿಗೂ ತಟ್ಟುವುದಿಲ್ಲ. ಹಾಗಂತ f/1.4 ಕ್ಕೆ ಹೋಗುವುದೂ ಜಾಣತನವಲ್ಲ. ತಾಯಿ ಚೀಟಿ ನೋಡಲು ಸ್ವಲ್ಪ ಬಗ್ಗಿದರೂ ಕಣ್ಣು ಮಸುಕಾಗುತ್ತದೆ.

ಫೋಕಸ್ ದೂರವನ್ನು ಟೇಪಿನಲ್ಲಿ ಅಳೆಯುವುದು ಲೆನ್ಸಿನ ಮೂತಿಯಿಂದಲ್ಲ, ಸೆನ್ಸರ್ ಇರುವ ಜಾಗದಿಂದ. ಬಹಳಷ್ಟು ಕ್ಯಾಮೆರಾಗಳ ಮೈಮೇಲೆ ಅಡ್ಡಗೆರೆ ಎಳೆದ ವೃತ್ತದ ಗುರುತು ಇರುತ್ತದೆ, ಅದೇ ಆ ಜಾಗ. ಅಳತೆಯಾದ ಮೇಲೆ ತಾಯಿಯ ಕಣ್ಣಿಗೆ ಒಂದು, ಬಾಗಿಲಲ್ಲಿ ಮಗ ನಿಲ್ಲುವ ಜಾಗಕ್ಕೆ ಒಂದು, ಹೀಗೆ ಫೋಕಸ್ ರಿಂಗ್ ಮೇಲೆ ಬಿಳಿ ಟೇಪ್ ಅಂಟಿಸಿ ಎರಡು ಗೆರೆ ಹಾಕಿ. ಮಗ ನಿಲ್ಲಬೇಕಾದ ಕಡೆ ನೆಲಕ್ಕೂ ಟೇಪ್ ಬೇಕು. ಅವನು ಅರ್ಧ ಅಡಿ ಆಚೀಚೆ ನಿಂತರೂ 4 ಮೀಟರ್ ದೂರದಲ್ಲಿ ಸ್ಪಷ್ಟತೆಯ ಆಳ ಮುಕ್ಕಾಲು ಮೀಟರ್ ಇರುವುದರಿಂದ ಪಾರಾಗುತ್ತೀರಿ. ಮುಂದಿನವಳ ವಿಷಯದಲ್ಲಿ ಆ ಸಲುಗೆ ಇಲ್ಲ.

ಇಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಲೆನ್ಸಿನ ಬಗೆಯಲ್ಲಿ. ಈಗಿನ ಹೆಚ್ಚಿನ ಮಿರರ್‌ಲೆಸ್ ಲೆನ್ಸ್‌ಗಳಲ್ಲಿ ಫೋಕಸ್ ರಿಂಗ್ ಗಾಜನ್ನು ನೇರವಾಗಿ ತಿರುಗಿಸುವುದಿಲ್ಲ, ಒಳಗಿನ ಮೋಟಾರಿಗೆ ಸಂಕೇತ ಕಳಿಸುತ್ತದೆ. ರಿಂಗನ್ನು ಜೋರಾಗಿ ತಿರುಗಿಸಿದರೆ ಫೋಕಸ್ ಹೆಚ್ಚು ದೂರ ಹೋಗುತ್ತದೆ, ನಿಧಾನಕ್ಕೆ ತಿರುಗಿಸಿದರೆ ಕಡಿಮೆ. ಹಾಗಾಗಿ ಟೇಪ್ ಗುರುತು ಎರಡನೇ ಟೇಕಿಗೇ ಸುಳ್ಳಾಗುತ್ತದೆ. ಮೆನುವಿನಲ್ಲಿ ಫೋಕಸ್ ರಿಂಗನ್ನು Linear ಮಾಡುವ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಹಳೆಯ ಮ್ಯಾನುಯಲ್ ಲೆನ್ಸ್ ಬಾಡಿಗೆಗೆ ತನ್ನಿ, ಅಥವಾ ಆಟೋಫೋಕಸ್‌ನ ವೇಗ ಕಡಿಮೆ ಮಾಡಿ ಸ್ಕ್ರೀನಿನಲ್ಲಿ ಮಗನ ಮುಖ ಮುಟ್ಟಿ. ಮುಟ್ಟುವ ಉಪಾಯ ಕೀಳಲ್ಲ. ಆದರೆ ಶಿಫ್ಟ್‌ನ ಲಯ ನಿಮ್ಮ ಕೈಯಲ್ಲಿ ಇರುವುದಿಲ್ಲ, ಕ್ಯಾಮೆರಾದ ಕೈಯಲ್ಲಿರುತ್ತದೆ.

ಇನ್ನೊಂದು ದೋಷ ಬ್ರೀದಿಂಗ್. ಫೋಕಸ್ ಮುಂದೆ ಹಿಂದೆ ಹೋದಾಗ ಫ್ರೇಮ್ ಕೂಡ ತುಸು ಹಿಗ್ಗಿ ಕುಗ್ಗಿದಂತೆ ಕಾಣುವುದು. ಬಾಗಿಲ ಚೌಕಟ್ಟನ್ನು ಫ್ರೇಮಿನ ಅಂಚಿಗೆ ತಾಗಿಸಿ ನಿಲ್ಲಿಸಿ, ರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ನೋಡಿದರೆ ಎಷ್ಟಿದೆ ಎಂದು ತಿಳಿಯುತ್ತದೆ. ಚೌಕಟ್ಟು ಎದ್ದು ಕಾಣುವಷ್ಟು ಸರಿದಾಡಿದರೆ ಆ ಲೆನ್ಸ್ ಈ ಶಾಟಿಗೆ ಬೇಡ. ಜಾಗ ಅಲುಗದೆ ನಿಂತಿರುವುದೇ ರ‍್ಯಾಕ್ ಫೋಕಸ್‌ನ ಬಲ. ಬ್ರೀದಿಂಗ್ ಅದನ್ನೇ ಕೆಡಿಸುತ್ತದೆ.

ಇನ್ನು ಸಮಯ. ತಂತ್ರಕ್ಕಿಂತ ಇದೇ ಕಷ್ಟ. ಮಗನ ಮಸುಕು ಆಕಾರ ಬಾಗಿಲಿಗೆ ಬಂದು ನಿಂತ ಮೇಲೆ ಫೋಕಸ್ ಹೋದರೆ ನೋಡುಗ ಆಗಲೇ 'ಯಾರದು?' ಎಂದು ಕೇಳಿಕೊಂಡಿರುತ್ತಾನೆ, ಶಿಫ್ಟ್ ಅವನ ಆಸೆಯನ್ನು ಪೂರೈಸುತ್ತದೆ. ಮಗ ಬರುವ ಮೊದಲೇ ಖಾಲಿ ಬಾಗಿಲಿಗೆ ಫೋಕಸ್ ಹೋದರೆ ನಿರ್ದೇಶಕ ಬೆರಳು ತೋರಿಸಿ 'ಅಲ್ಲಿ ನೋಡು' ಅಂದಂತಾಗುತ್ತದೆ. ನಮ್ಮ ದೃಶ್ಯಕ್ಕೆ ಮೊದಲನೆಯದೇ ಸರಿ. ತಾಯಿ ಚೀಟಿ ಓದಿ ಮುಗಿಸಲಿ, ಹಿಂದೆ ಆಕಾರ ಬಂದು ನಿಲ್ಲಲಿ, ಒಂದು ಉಸಿರು ಬಿಟ್ಟು ಸುಮಾರು ಒಂದು ಸೆಕೆಂಡಿನಲ್ಲಿ ಫೋಕಸ್ ಹೋಗಲಿ. ಕಾಲು ಸೆಕೆಂಡಿಗೆ ಹೋದರೆ ಅದು ಬೆಚ್ಚಿಬೀಳಿಸುತ್ತದೆ. ಮೂರು ಸೆಕೆಂಡ್ ಎಳೆದರೆ ಇಬ್ಬರೂ ಮಸುಕಾಗಿರುವ ನಡುಗಾಲ ಉದ್ದವಾಗಿ, ತಪ್ಪು ಮಾಡಿದ್ದೀರಿ ಅನ್ನಿಸುತ್ತದೆ.

ಹಾಗಂತ ನಿಧಾನ ಯಾವಾಗಲೂ ತಪ್ಪಲ್ಲ. ಮೈಕ್ ನಿಕೋಲ್ಸ್ 1967ರಲ್ಲಿ ಮಾಡಿದ 'ದಿ ಗ್ರಾಜುಯೇಟ್' ಚಿತ್ರದಲ್ಲಿ ಎಲೇನ್‌ಗೆ ತಾನು ಮೆಚ್ಚಿದ ಹುಡುಗನಿಗೂ ತನ್ನ ತಾಯಿಗೂ ಇದ್ದ ಸಂಬಂಧ ಗೊತ್ತಾಗುವ ಗಳಿಗೆ ಇದೆ. ಬಾಗಿಲಲ್ಲಿ ನಿಂತ ತಾಯಿಯನ್ನು ನೋಡಿ ಅವಳು ಈ ಕಡೆ ತಿರುಗಿದಾಗ ಅವಳ ಮುಖ ಮಸುಕಾಗಿಯೇ ಇರುತ್ತದೆ. ಅರ್ಥವಾಗುತ್ತಾ ಹೋದಂತೆ ಮೆಲ್ಲಗೆ ಸ್ಪಷ್ಟವಾಗುತ್ತದೆ. ಅಲ್ಲಿ ಫೋಕಸ್ ಹೋಗುವುದು ಅವಳ ಮನಸ್ಸಿನ ವೇಗದಲ್ಲಿ. ನಿಧಾನಕ್ಕೆ ಪಾತ್ರದೊಳಗೆ ಅಂಥ ಕಾರಣ ಇದ್ದರೆ ಧೈರ್ಯವಾಗಿ ಎಳೆಯಿರಿ.

ಒಟ್ಟಿನಲ್ಲಿ ಈ ಶಾಟ್ ಕೊಡುವ ಭಾವ ಏನು? ತಾಯಿಗೆ ಇನ್ನೂ ಗೊತ್ತಿಲ್ಲ, ನಮಗೆ ಗೊತ್ತಾಯಿತು. ಅವಳ ಬೆನ್ನ ಹಿಂದೆ ನಿಂತವನ ಮುಖದಲ್ಲಿ ತಪ್ಪಿತಸ್ಥನ ಕಳೆ ನಾವು ನೋಡಿಬಿಟ್ಟೆವು. ಸದ್ದಿಲ್ಲದ ಆತಂಕ ಅದು. ಈಗ ಅವಳು ತಿರುಗುತ್ತಾಳಾ ಎಂದು ಕಾಯುವಂತಾಗುತ್ತದೆ.

ಡಾಲಿ ಜೂಮ್

ಟ್ರಾಲಿ ಹಿಂದಕ್ಕೆ ಹೋಗುತ್ತದೆ, ಅದೇ ಹೊತ್ತಿಗೆ ಲೆನ್ಸ್ ಜೂಮ್ ಇನ್ ಆಗುತ್ತದೆ. ಅಥವಾ ಟ್ರಾಲಿ ಮುಂದಕ್ಕೆ, ಜೂಮ್ ಔಟ್. ಎರಡೂ ಒಂದನ್ನೊಂದು ಸರಿದೂಗಿಸಿದರೆ ವ್ಯಕ್ತಿಯ ಗಾತ್ರ ಹಾಗೇ ಇದ್ದು ಹಿನ್ನೆಲೆ ಮಾತ್ರ ಉಬ್ಬುತ್ತದೆ ಇಲ್ಲವೇ ಹಿಂದೆ ಸರಿಯುತ್ತದೆ. ಹಿಚ್‌ಕಾಕ್ 1958ರ 'ವರ್ಟಿಗೋ'ಗೆ ಇದನ್ನು ಬಳಸಿದಾಗ ಉಪಾಯ ಕಂಡುಹಿಡಿದವರು ಪ್ಯಾರಾಮೌಂಟ್‌ನ ಸೆಕೆಂಡ್ ಯೂನಿಟ್ ಕ್ಯಾಮೆರಾಮನ್ ಇರ್ಮಿನ್ ರಾಬರ್ಟ್ಸ್. ಗಂಟೆಗೋಪುರದ ಮೆಟ್ಟಿಲುಗಳಲ್ಲಿ ಕ್ಯಾಮೆರಾವನ್ನು ಮೇಲೆ ಕೆಳಗೆ ಸರಿಸುವುದು ದುಬಾರಿಯಾಗಿತ್ತು. ಹಾಗಾಗಿ ಮೆಟ್ಟಿಲ ಬಾವಿಯ ಮಾದರಿ ಮಾಡಿ ಅದನ್ನು ನೆಲದ ಮೇಲೆ ಅಡ್ಡ ಮಲಗಿಸಿ ತೆಗೆದರು. ಆ ಶಾಟಿನಲ್ಲಿ ಮನುಷ್ಯರೇ ಇರಲಿಲ್ಲವಾದ್ದರಿಂದ ಅದು ಸಾಧ್ಯವಾಯಿತು.

ಲೆಕ್ಕ ಸರಳ. ವ್ಯಕ್ತಿಯ ಗಾತ್ರ ಬದಲಾಗಬಾರದು ಅಂದರೆ ದೂರ ಎಷ್ಟು ಪಟ್ಟು ಹೆಚ್ಚಿತೋ ಲೆನ್ಸಿನ ಎಂಎಂ ಕೂಡ ಅಷ್ಟೇ ಪಟ್ಟು ಹೆಚ್ಚಬೇಕು. 24–70 ಜೂಮ್ ಲೆನ್ಸ್ ತೆಗೆದುಕೊಂಡು ತಾಯಿಯಿಂದ 1 ಮೀಟರ್ ದೂರದಲ್ಲಿ 24 ಎಂಎಂ ಇಟ್ಟು ಶುರುಮಾಡಿದರೆ:

```
f = 24 × d        (f ಎಂಎಂ, d ಮೀಟರ್)
24 → 1.00
35 → 1.46
50 → 2.08
70 → 2.92
```

ಈಗ ಹಿನ್ನೆಲೆ. ತಾಯಿಯ ಹಿಂದೆ 5 ಮೀಟರ್ ಆಚೆ ಹಿತ್ತಿಲ ಬಾಗಿಲಿದೆ, ಅಗಲ 1 ಮೀಟರ್ ಅನ್ನಿ. ಶುರುವಿನಲ್ಲಿ ಅದು ಫ್ರೇಮಿನ ಅಗಲದ ಒಂಬತ್ತನೇ ಒಂದು ಪಾಲು. ಕೊನೆಗೆ ಸುಮಾರು ನಾಲ್ಕನೇ ಒಂದು ಪಾಲು. ಅಂದರೆ ತಾಯಿ ಕೂತಲ್ಲೇ ಕೂತಿದ್ದಾಳೆ, ಹಿಂದಿನ ಬಾಗಿಲು ಎರಡು ಪಟ್ಟಿಗಿಂತ ದೊಡ್ಡದಾಗಿ ಅವಳ ಬೆನ್ನಿಗೆ ಬಂದು ನಿಂತಿದೆ. ಅದೇ ಅವಳ ಹಿಂದೆ ಬರೀ 1 ಮೀಟರ್ ದೂರದಲ್ಲಿ ಗೋಡೆ ಇದ್ದರೆ ಅದು ಹಿಗ್ಗುವುದು ಒಂದೂವರೆ ಪಟ್ಟು ಮಾತ್ರ. ಸುಣ್ಣ ಬಳಿದ ಖಾಲಿ ಗೋಡೆಯಾದರೆ ಅದೂ ಕಾಣುವುದಿಲ್ಲ. ಇಷ್ಟು ಕಷ್ಟಪಟ್ಟು ತೆಗೆದ ಶಾಟ್ ಸಪ್ಪೆಯಾಗುವುದಕ್ಕೆ ಬಹುಪಾಲು ಇದೇ ಕಾರಣ. ಹಿಂದೆ ಆಳ ಬೇಕು, ಆ ಆಳದಲ್ಲಿ ಕಣ್ಣು ಅಳೆಯಬಲ್ಲ ಗೆರೆಗಳು ಬೇಕು: ಬಾಗಿಲು, ಕಂಬ, ಕಿಟಕಿ ಸರಳು, ನೆಲದ ಹಾಸುಗಲ್ಲಿನ ಸಂದು.

ನಮ್ಮ ಮನೆಗಳಲ್ಲಿ ಒಟ್ಟು 8 ಮೀಟರ್ ಉದ್ದ ಸಿಗುವುದು ಕಷ್ಟ. ಮುಂಬಾಗಿಲು ತೆರೆದು ಟ್ರಾಲಿಯ ಕೊನೆಯ ಭಾಗವನ್ನು ಜಗಲಿಗೆ ಬಿಡಿ. ಹೊಸ್ತಿಲು ಎತ್ತರವಿದ್ದರೆ ಹಳಿಯ ಕೆಳಗೆ ಹಲಗೆ, ಇಟ್ಟಿಗೆ ಕೊಟ್ಟು ಮಟ್ಟ ಮಾಡಬೇಕು. ಸಣ್ಣ ಕುಲುಕಾಟವೂ ಈ ಶಾಟಿನಲ್ಲಿ ಎದ್ದು ಕಾಣುತ್ತದೆ.

ಇನ್ನು ಕೆಲಸದ ಕ್ರಮ.

1. ಟ್ರಾಲಿ ಹಳಿಯ ಪಕ್ಕದಲ್ಲಿ 1, 1.46, 2.08, 2.92 ಮೀಟರಿಗೆ ನೆಲದ ಮೇಲೆ ಟೇಪ್ ಅಂಟಿಸಿ. ಜೂಮ್ ರಿಂಗ್ ಮೇಲೆ 24, 35, 50, 70ಕ್ಕೆ ಗೆರೆ ಹಾಕಿ. ರಿಂಗಿನಲ್ಲಿ ಈ ಗೆರೆಗಳ ನಡುವಿನ ಅಂತರ ಸಮನಾಗಿರುವುದಿಲ್ಲ, ಆದ್ದರಿಂದ ಕಣ್ಣಂದಾಜು ಸಾಲದು.
2. ಅಪರ್ಚರ್ f/5.6 ಅಥವಾ f/8ಕ್ಕೆ ನಿಲ್ಲಿಸಿ. ಜೂಮ್ ಮಾಡಿದಂತೆ ಅಪರ್ಚರ್ ತಾನೇ ಕಿರಿದಾಗುವ ಲೆನ್ಸ್ ಆದರೆ ಶಾಟ್ ನಡುವೆ ಕತ್ತಲಾಗುತ್ತದೆ. ಮೊದಲೇ ಅದರ ಕೊನೆಯ ಅಂಕಿಗೆ ಕಟ್ಟಿಹಾಕಿ. ಹಿನ್ನೆಲೆ ಪೂರ್ತಿ ಮಸುಕಾದರೂ ಶಾಟ್ ಸೋತಂತೆಯೇ.
3. ಮಾನಿಟರಿನ ಗಾಜಿನ ಮೇಲೆ ತಾಯಿಯ ತಲೆಯ ಎರಡೂ ಬದಿಗೆ ಸಣ್ಣ ಟೇಪ್ ಚೂರು ಅಂಟಿಸಿ. ಜೂಮ್ ತಿರುಗಿಸುವವನು ನೋಡಬೇಕಾದದ್ದು ಆ ಎರಡು ಚೂರನ್ನು ಮಾತ್ರ, ನಟನೆಯನ್ನಲ್ಲ.
4. ಟ್ರಾಲಿಗೆ ಒಬ್ಬ, ಜೂಮ್‌ಗೆ ಒಬ್ಬ, ಫೋಕಸ್‌ಗೆ ಒಬ್ಬ. ದೂರ ಬದಲಾಗುತ್ತಿರುವುದರಿಂದ f/5.6 ನಲ್ಲೂ ಫೋಕಸ್ ಹಿಂಬಾಲಿಸಲೇಬೇಕು. ಟ್ರಾಲಿಯವನು 'ಒಂದು, ಎರಡು, ಮೂರು' ಎಂದು ಗುರುತು ಕೂಗಲಿ, ಉಳಿದಿಬ್ಬರು ಅದಕ್ಕೆ ಕೈ ಹೊಂದಿಸಲಿ. ದೃಶ್ಯದಲ್ಲಿ ಮಾತಿಲ್ಲದಿರುವುದು ಇಲ್ಲಿ ಉಪಕಾರಕ್ಕೆ ಬಂತು.

ವೇಗದ ವಿಷಯದಲ್ಲಿ ಒಂದು ಸೂಕ್ಷ್ಮ. ಹಿನ್ನೆಲೆ ಹೆಚ್ಚು ಬದಲಾಗುವುದು ಕ್ಯಾಮೆರಾ ಹತ್ತಿರ ಇರುವಾಗಲೇ. ಮೊದಲ ಒಂದು ಮೀಟರ್ ಹಿಂದೆ ಸರಿದಾಗ ಬಾಗಿಲು ಹಿಗ್ಗಿದಷ್ಟು ಎರಡನೇ ಮೀಟರಿನಲ್ಲಿ ಹಿಗ್ಗುವುದಿಲ್ಲ. ಟ್ರಾಲಿಯನ್ನು ಮೊದಲು ಮೆಲ್ಲಗೆ ಎಳೆದು ಆಮೇಲೆ ವೇಗ ಕೊಟ್ಟರೆ ಪರದೆಯ ಮೇಲೆ ಬದಲಾವಣೆ ಸಮನಾಗಿ ಕಾಣುತ್ತದೆ.

ಒಟ್ಟು ಎಷ್ಟು ಹೊತ್ತು? ಸ್ಪೀಲ್‌ಬರ್ಗ್ ಅವರ 1975ರ 'ಜಾಸ್'ನಲ್ಲಿ ಕಡಲತೀರದಲ್ಲಿ ಕೂತ ಪೊಲೀಸ್ ಮುಖ್ಯಸ್ಥನ ಮೇಲೆ ಇದು ಕೆಲವೇ ಗಳಿಗೆಯಲ್ಲಿ ಮುಗಿಯುತ್ತದೆ, ಹೊಟ್ಟೆಗೆ ಗುದ್ದಿದ ಹಾಗೆ. ಸ್ಕಾರ್ಸೆಸಿಯವರ 1990ರ 'ಗುಡ್‌ಫೆಲಾಸ್'ನಲ್ಲಿ ಹೋಟೆಲ್ ಕಿಟಕಿಯ ಪಕ್ಕ ಕೂತ ಇಬ್ಬರು ಮಾತಾಡುತ್ತಲೇ ಇರುವಾಗ ಬಹಳ ನಿಧಾನವಾಗಿ ನಡೆಯುತ್ತದೆ. ಗಮನವಿಟ್ಟು ನೋಡದಿದ್ದರೆ ತಂತ್ರ ಕಾಣುವುದಿಲ್ಲ, ಏನೋ ಸರಿಯಿಲ್ಲ ಎಂಬ ಕಸಿವಿಸಿ ಮಾತ್ರ ಉಳಿಯುತ್ತದೆ. ನಮ್ಮ ತಾಯಿಗೆ ನಾನು ನಾಲ್ಕೈದು ಸೆಕೆಂಡ್ ಕೊಡುತ್ತೇನೆ. ಚೀಟಿಯ ಮೇಲಿನ ಒಡವೆಯ ತೂಕ ಓದಿ ಅದು ತನ್ನದೇ ಸರ ಎಂದು ಹೊಳೆಯಲು ಅಷ್ಟು ಬೇಕು.

ದಿಕ್ಕು ಯಾವುದು ಎಂಬುದೂ ಭಾವದ ಪ್ರಶ್ನೆಯೇ. ಹಿಂದೆ ಸರಿದು ಜೂಮ್ ಇನ್ ಮಾಡಿದರೆ ಮನೆ ಅವಳ ಮೇಲೆ ಮುಗಿಬೀಳುತ್ತದೆ. ಮುಂದೆ ಹೋಗಿ ಜೂಮ್ ಔಟ್ ಮಾಡಿದರೆ ಮನೆ ಅವಳಿಂದ ದೂರ ಓಡುತ್ತದೆ, ಅವಳು ಒಂಟಿಯಾಗುತ್ತಾಳೆ. ಇನ್ನೊಂದು ವ್ಯತ್ಯಾಸ: 1 ಮೀಟರಿನಿಂದ 24 ಎಂಎಂನಲ್ಲಿ ಮುಖದ ಮೂಗು ಗಲ್ಲ ಮುಂದೆ ಚಾಚಿದಂತೆ ಕಾಣುತ್ತವೆ, 2.9 ಮೀಟರಿನಿಂದ ಮುಖ ಚಪ್ಪಟೆಯಾಗುತ್ತದೆ. ಕೊನೆಯ ಮುಖ ಹೇಗಿರಬೇಕು ಎಂದು ಯೋಚಿಸಿ ದಿಕ್ಕು ಆರಿಸಿ. ಈ ದೃಶ್ಯಕ್ಕೆ ನನ್ನ ಮತ ಹಿಂದೆ ಸರಿಯುವುದಕ್ಕೆ.

ಟ್ರಾಲಿ ಇದೆ, ಜೂಮ್ ಲೆನ್ಸ್ ಇಲ್ಲ, ಅಥವಾ ಮೊಬೈಲಿನಲ್ಲೇ ತೆಗೆಯುತ್ತಿದ್ದೀರಿ ಎಂದರೂ ದಾರಿಯಿದೆ. 4ಕೆ ನಲ್ಲಿ ಶೂಟ್ ಮಾಡಿ, ಎಚ್‌ಡಿ ಟೈಮ್‌ಲೈನಿನಲ್ಲಿ ಎಡಿಟ್ ಮಾಡಿ. ಕ್ಯಾಮೆರಾ 1 ಮೀಟರಿನಿಂದ 2 ಮೀಟರಿಗೆ ಹಿಂದೆ ಸರಿಯಲಿ. ಎಡಿಟಿಂಗಿನಲ್ಲಿ ಕ್ಲಿಪ್ಪಿನ ಅಳತೆಯನ್ನು 50% ಇಂದ 100% ವರೆಗೆ ಏರಿಸುತ್ತಾ ತಲೆಯ ಗಾತ್ರ ಹಿಡಿದಿಡಿ. ಚಿತ್ರದ ಪರ್ಸ್‌ಪೆಕ್ಟಿವ್ ನಿರ್ಧರಿಸುವುದು ಕ್ಯಾಮೆರಾ ಇರುವ ದೂರ, ಜೂಮ್ ಅಲ್ಲ. ಹಾಗಾಗಿ ಪರಿಣಾಮ ಅಪ್ಪಟವೇ. ಮಿತಿ ಎಂದರೆ ಎರಡು ಪಟ್ಟು ಮಾತ್ರ. ಮೊಬೈಲಿನಲ್ಲಿ ಶಾಟ್ ನಡುವೆ ಜೂಮ್ ಮಾಡಲು ಹೋಗಬೇಡಿ. ಒಂದು ಲೆನ್ಸಿನಿಂದ ಇನ್ನೊಂದಕ್ಕೆ ಹಾರುವಾಗ ಚಿತ್ರ ಕುಪ್ಪಳಿಸುತ್ತದೆ.

ವಿಪ್ ಪ್ಯಾನ್

ಈಗ ಕ್ಯಾಮೆರಾ ತಾಯಿ ಮತ್ತು ಬಾಗಿಲಿನ ನಡುವೆ, ಎರಡನ್ನೂ ನೋಡಲು 90 ಡಿಗ್ರಿ ತಿರುಗಬೇಕಾದ ಜಾಗದಲ್ಲಿ. ತಾಯಿ ಚೀಟಿಯಿಂದ ತಲೆಯೆತ್ತುತ್ತಾಳೆ, ಕ್ಯಾಮೆರಾ ಸರ್ರನೆ ತಿರುಗಿ ಮಗನ ಮುಖದ ಮೇಲೆ ನಿಲ್ಲುತ್ತದೆ.

ಶಟರ್ 1/50 ಇರಲಿ. ಬಿಸಿಲಿನಲ್ಲಿ ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಶಟರನ್ನು 1/1000 ಮಾಡಿಕೊಳ್ಳುತ್ತದೆ. ಆಗ ಎಳೆದ ಬಣ್ಣದಂಥ ಮಸುಕಿನ ಬದಲು ಕಂಬ ಕಿಟಕಿಗಳ ಬಿಡಿಬಿಡಿ ಚಿತ್ರಗಳು ಸಾಲಾಗಿ ಜಿಗಿಯುತ್ತವೆ. ಬೆಳಕು ಜಾಸ್ತಿಯಾದರೆ ಎನ್‌ಡಿ ಫಿಲ್ಟರ್ ಹಾಕಿ, ಶಟರ್ ಮುಟ್ಟಬೇಡಿ. 90 ಡಿಗ್ರಿಯನ್ನು ಆರರಿಂದ ಎಂಟು ಫ್ರೇಮಿನಲ್ಲಿ ದಾಟಬೇಕು, ಅಂದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ. ಅರ್ಧ ಸೆಕೆಂಡ್ ದಾಟಿದರೆ ಅದು ಅವಸರದ ಸಾಮಾನ್ಯ ಪ್ಯಾನ್. ನಡುವೆ ಮನೆಯ ಸಾಮಾನೆಲ್ಲ ಕಂಡುಬಿಡುತ್ತದೆ.

ಶುರು ಸುಲಭ, ನಿಲುಗಡೆಯೇ ಕಷ್ಟ. ಮೊದಲು ಮಗನ ಫ್ರೇಮ್ ಕಟ್ಟಿಕೊಳ್ಳಿ, ಪಾದಗಳನ್ನು ಅವನ ಕಡೆಗೆ ಊರಿ. ಆಮೇಲೆ ಸೊಂಟದಿಂದ ಮೇಲಷ್ಟೇ ತಿರುಚಿಕೊಂಡು ತಾಯಿಯ ಫ್ರೇಮಿಗೆ ಬನ್ನಿ. ಶಾಟಿನಲ್ಲಿ ಮೈ ತನ್ನ ಸಹಜ ನಿಲುವಿಗೆ ಬಿಚ್ಚಿಕೊಳ್ಳುವುದರಿಂದ ನಿಲುಗಡೆ ಗಟ್ಟಿಯಾಗುತ್ತದೆ. ಟ್ರೈಪಾಡ್ ಹೆಡ್ಡಿನ ಪ್ಯಾನ್ ಬಿಗಿಯನ್ನು ಪೂರ್ತಿ ಸಡಿಲಿಸಿ, ಟಿಲ್ಟ್ ಬಿಗಿಯಾಗಿರಲಿ. ಎರಡು ಮುಖಗಳ ಎತ್ತರ ಬೇರೆಯಾದರೆ ತಾಯಿಯನ್ನು ಎತ್ತರದ ಮಣೆ ಮೇಲೆ ಕೂರಿಸಿ ಹೊಂದಿಸುವುದು, ಓರೆಯಾಗಿ ತಿರುಗಿಸುವುದಕ್ಕಿಂತ ಲೇಸು. ಇಬ್ಬರೂ ಕ್ಯಾಮೆರಾದಿಂದ ಒಂದೇ ದೂರದಲ್ಲಿದ್ದರೆ ಫೋಕಸ್ ತಲೆನೋವೂ ಇಲ್ಲ. ಸ್ಟೆಬಿಲೈಸೇಶನ್ ಆಫ್ ಮಾಡಿ. ಅದು ಪ್ಯಾನನ್ನು ಕೈ ನಡುಕ ಎಂದು ತಿಳಿದು ಮೊದಲು ತಡೆಯುತ್ತದೆ, ಕೊನೆಗೆ ಜಾರಿ ಮುಂದೆ ಹೋಗುತ್ತದೆ. ಮಗನ ಮುಖ ಬಂದ ಮೇಲೂ ಫ್ರೇಮ್ ತಾನಾಗಿ ಸರಿದಾಡಿದರೆ ಕಾರಣ ಇದೇ ಇರಬಹುದು. ಪ್ಯಾನ್ ಶುರುವಾಗುವಾಗ, ನಿಲ್ಲುವಾಗ ಬಾಗಿಲ ಚೌಕಟ್ಟು ಓರೆಯಾಗಿ ಕಂಡರೆ ಅದು ರೋಲಿಂಗ್ ಶಟರ್, ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರ ಫಲ. ವೇಗದ ನಡುಭಾಗದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಚಿಂತೆ ಬೇಡ.

ಒಂದೇ ಶಾಟಿನಲ್ಲಿ ಆಗದಿದ್ದರೆ ಎರಡಾಗಿ ತೆಗೆದು ಮಸುಕಿನೊಳಗೆ ಕಟ್ ಮಾಡಬಹುದು. ತಾಯಿಯಿಂದ ಬಲಕ್ಕೆ ತಿರುಗಿ ಆಚೆಗೂ ಹೋಗುವ ಒಂದು ಶಾಟ್, ಎಡದಿಂದ ಬಂದು ಮಗನಲ್ಲಿ ನಿಲ್ಲುವ ಇನ್ನೊಂದು. ದಿಕ್ಕೂ ವೇಗವೂ ಒಂದೇ ಇರಬೇಕು, ಮಸುಕಿನ ಬಣ್ಣಗಳು ಹತ್ತಿರ ಇರಬೇಕು. ಕಟ್ ಕಂಡರೆ ಎರಡು ಮೂರು ಫ್ರೇಮಿನ ಡಿಸಾಲ್ವ್ ಹಾಕಿ. ಈ ಕಟ್‌ನಿಂದ ಕಾಲವನ್ನೂ ಹಾರಬಹುದು. ಆರ್ಸನ್ ವೆಲ್ಸ್ 1941ರ 'ಸಿಟಿಜನ್ ಕೇನ್'ನಲ್ಲಿ ಗಂಡಹೆಂಡಿರ ಬೆಳಗಿನ ತಿಂಡಿಯ ಮೇಜಿನಿಂದ ಮೇಜಿಗೆ ಹೀಗೆ ಜಿಗಿದು ಒಂದು ದಾಂಪತ್ಯ ಹಳಸುವುದನ್ನು ಕೆಲವೇ ನಿಮಿಷದಲ್ಲಿ ಮುಗಿಸಿದ.

ನಮ್ಮ ದೃಶ್ಯದಲ್ಲಿ ವಿಪ್ ಪ್ಯಾನ್ ತಾಯಿಯ ನೋಟವನ್ನೇ ಆರೋಪವಾಗಿಸುತ್ತದೆ. ಕಾಯುವ ಪ್ರಶ್ನೆಯಿಲ್ಲ, ಅನುಮಾನವಿಲ್ಲ: ಚೀಟಿ, ನೀನು. ಅವಳ ಸಿಟ್ಟಿನ ವೇಗ ಕ್ಯಾಮೆರಾಗೆ ಬಂದಿರುತ್ತದೆ. ಅಪಾಯವೂ ಅಲ್ಲೇ ಇದೆ. ಈ ಚಲನೆಯನ್ನು ಹಾಸ್ಯಕ್ಕೆ ಎಷ್ಟು ಬಳಸಿದ್ದಾರೆಂದರೆ ಮಗನ ಮುಖ ಕಂಡೊಡನೆ ಜನ ನಗಬಹುದು. ಎಡಿಟರ್ 'ಸುಯ್ಯ್' ಎಂಬ ಸದ್ದು ಹಾಕಿದರಂತೂ ಖಂಡಿತ ನಗುತ್ತಾರೆ. ಸದ್ದು ಹಾಕಬೇಡಿ. ಪ್ಯಾನ್ ಉದ್ದಕ್ಕೂ ಹಿತ್ತಿಲ ನಲ್ಲಿಯ ಸದ್ದು ಒಂದೇ ಸಮ ಓಡಲಿ, ಮಗನ ಮುಖವನ್ನು ಕನಿಷ್ಠ ಎರಡು ಸೆಕೆಂಡ್ ಹಿಡಿಯಿರಿ.

ಯಾವುದನ್ನು ಆರಿಸುವುದು

ಯಾರಿಗೆ ಏನು ಯಾವಾಗ ಗೊತ್ತಾಗಬೇಕು ಎಂಬುದರ ಮೇಲೆ ನಿಂತಿದೆ. ಮಗ ಕದ್ದು ನಿಂತಿರುವುದು ತಾಯಿಗಿಂತ ಮೊದಲು ನಮಗೆ ಗೊತ್ತಾಗಬೇಕಾದರೆ ರ‍್ಯಾಕ್ ಫೋಕಸ್. ಮಗ ಬಂದದ್ದು ಮುಖ್ಯವೇ ಅಲ್ಲ, ತಾಯಿಯೊಳಗೆ ಏನಾಯಿತು ಎಂಬುದೇ ದೃಶ್ಯವಾದರೆ ಡಾಲಿ ಜೂಮ್. ಆಗ ಮಗನನ್ನು ಫ್ರೇಮಿನಿಂದ ತೆಗೆದೇಬಿಡಿ, ಏಕೆಂದರೆ ಹಿಂದೆ ನಿಂತವನು ಬಾಗಿಲಿನ ಜೊತೆ ಬಲೂನಿನಂತೆ ಉಬ್ಬಿ ನೋಡುಗನ ಕಣ್ಣನ್ನು ಕದಿಯುತ್ತಾನೆ. ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಗೊತ್ತಾಗಿ ಮುಂದೆ ಜಗಳ ಶುರುವಾಗುವುದಿದ್ದರೆ ವಿಪ್ ಪ್ಯಾನ್.

ಎರಡನ್ನು ಜೋಡಿಸಬೇಕು ಅನ್ನಿಸಿದರೆ ಡಾಲಿ ಜೂಮ್ ಮುಗಿದ ಮೇಲೆ ಸಾದಾ ಕಟ್‌ನಲ್ಲಿ ಮಗನಿಗೆ ಹೋಗಿ. ಡಾಲಿ ಜೂಮ್ ನಮ್ಮನ್ನು ಅವಳ ತಲೆಯೊಳಗೆ ಕೂರಿಸಿರುತ್ತದೆ, ತಕ್ಷಣ ವಿಪ್ ಪ್ಯಾನ್ ಮಾಡಿದರೆ ಅಲ್ಲಿಂದ ಎಳೆದು ಹೊರಗೆ ಹಾಕಿದಂತಾಗುತ್ತದೆ. ರ‍್ಯಾಕ್ ಫೋಕಸ್ ಆದ ಮೇಲೆ ತಾಯಿ ತಿರುಗಿ ನೋಡುವಾಗ ಫೋಕಸನ್ನು ಮತ್ತೆ ಅವಳ ಮೇಲೆ ತರುವ ಆಸೆಯೂ ಬರುತ್ತದೆ. ನಾನಾದರೆ ಮಗನ ಮೇಲೇ ಬಿಡುತ್ತೇನೆ. ಮಸುಕಾಗಿ ತಿರುಗುವ ಅವಳ ತಲೆ ಸಾಕು, ನೋಡಬೇಕಾದದ್ದು ಅವನ ಮುಖ ಇಳಿಯುವುದನ್ನು.

ಚಿತ್ರೀಕರಣದ ದಿನ ಮೊದಲು ಎರಡು ಸಾದಾ ಕ್ಲೋಸಪ್ ಮತ್ತು ಚೀಟಿಯ ಒಂದು ಶಾಟ್ ತೆಗೆದಿಟ್ಟುಕೊಳ್ಳಿ. ಆಮೇಲೆ ರ‍್ಯಾಕ್ ಫೋಕಸ್, ಅದಕ್ಕೆ ಲೈಟ್ ಬದಲಿಸಬೇಕಾಗಿಲ್ಲ. ಡಾಲಿ ಜೂಮ್ ಕೊನೆಗಿರಲಿ. ಹಳಿ ಹಾಕಿ ಮಟ್ಟ ಮಾಡುವಷ್ಟರಲ್ಲಿ ಹಿತ್ತಿಲ ಬಾಗಿಲಿನ ಬೆಳಕು ಬದಲಾಗಿರುತ್ತದೆ, ಅದಕ್ಕೆ ಮತ್ತೆ ಎಕ್ಸ್‌ಪೋಷರ್ ನೋಡಬೇಕಾಗುತ್ತದೆ.